ಲಿಫ್ಟ್‌ಗೆ 0.35, ಬೆಡ್‌ರೂಮ್‌ಗೆ ಮೈನಸ್: ಇದನ್ನು ಓದುವುದು ಹೇಗೆ?

ಪ್ರಶ್ನೆ: ಒಂದು ನಗರದ 1,800 ಫ್ಲಾಟ್‌ಗಳ ಮಾರಾಟದ ಬೆಲೆ ಇಟ್ಟುಕೊಂಡು ಹೆಡಾನಿಕ್ ರಿಗ್ರೆಶನ್ ಮಾಡಿದ್ದೇನೆ.

```
m <- lm(log(price) ~ log(area) + bedrooms
        + lift + factor(ward), data = d)
```

log(area) 0.85, bedrooms −0.04, lift 0.35 ಬಂದಿದೆ. ಲಿಫ್ಟ್ ಇದ್ದರೆ ಬೆಲೆ ಶೇ. 35 ಜಾಸ್ತಿ ಅಂತ ಬರೆಯಬಹುದಾ? ಬೆಡ್‌ರೂಮ್ ಹೆಚ್ಚಾದರೆ ಬೆಲೆ ಇಳಿಯುವುದು ಹೇಗೆ? ಇನ್ನೊಂದು, ಅಂದಾಜನ್ನು `exp` ಮಾಡಿ ಕೂಡಿಸಿದರೆ ಒಟ್ಟು ಮೊತ್ತ ನಿಜವಾದದ್ದಕ್ಕಿಂತ ಶೇ. 4–5 ಕಡಿಮೆ ಬರುತ್ತಿದೆ.

ಸ್ಟ್ಯಾಟಿಸ್ಟಿಕ್ಸ್ ವಿದ್ಯಾರ್ಥಿ: bedrooms ಚಿಹ್ನೆ ತಪ್ಪಾಗಿದೆ. ವಿಸ್ತೀರ್ಣದ ಜೊತೆ ಅದು ಸೇರಿಕೊಂಡು ಗಲಿಬಿಲಿ ಆಗಿದೆ, ತೆಗೆದುಹಾಕಿ. ಒಟ್ಟು ಮೊತ್ತಕ್ಕೆ `exp(sigma^2/2)` ಇಂದ ಗುಣಿಸಿ, ಸರಿಹೋಗುತ್ತದೆ.

ಬೆಲೆ ಅಂದಾಜಿನ ಕೆಲಸದವರು: ಬೆಡ್‌ರೂಮ್ ತೆಗೆಯಬೇಡಿ, ಆ ಚಿಹ್ನೆ ಸರಿಯಾಗೇ ಇದೆ. ವಿಸ್ತೀರ್ಣ ಹಾಗೇ ಇಟ್ಟು ಒಂದು ರೂಮ್ ಹೆಚ್ಚಿಸಿದರೆ ಏನಾಗುತ್ತದೆ ಅಂತ ಆ −0.04 ಹೇಳುತ್ತಿದೆ. ಅಂದರೆ 100 ಚದರ ಮೀಟರಿನ ಎರಡು ಬೆಡ್‌ರೂಮ್ ಮನೆಯ ಹಾಲಿನ ನಡುವೆ ಗೋಡೆ ಎಬ್ಬಿಸಿ ಮೂರು ಮಾಡಿದ ಹಾಗೆ. ಹಾಲ್ ಇಕ್ಕಟ್ಟಾಯಿತು, ರೂಮುಗಳೂ ಚಿಕ್ಕವಾದವು. ಅದಕ್ಕೆ ಶೇ. 4 ಕಡಿಮೆ ಕೊಡುತ್ತಾರೆ ಅಂದರೆ ಆಶ್ಚರ್ಯವೇನಿಲ್ಲ.

ಆದರೆ ಮಾರುಕಟ್ಟೆಯಲ್ಲಿ ರೂಮ್ ಒಂಟಿಯಾಗಿ ಬರುವುದಿಲ್ಲ, ಜಾಗದ ಜೊತೆಗೇ ಬರುತ್ತದೆ. 80 ಮೀಟರಿನ ಎರಡು ಬೆಡ್‌ರೂಮಿನಿಂದ 100 ಮೀಟರಿನ ಮೂರು ಬೆಡ್‌ರೂಮಿಗೆ ಹೋಗಿ ನೋಡಿ. ವಿಸ್ತೀರ್ಣದ ಪಾಲು 1.25^0.85, ಅಂದರೆ 1.21. ರೂಮಿನ ಪಾಲು 0.96. ಎರಡನ್ನೂ ಗುಣಿಸಿದರೆ 1.16. ದೊಡ್ಡ ಮನೆಗೆ ಬೆಲೆ ಶೇ. 16 ಹೆಚ್ಚೇ ಆಯಿತು ಅಲ್ವಾ? ವರದಿಯಲ್ಲಿ ಇದನ್ನೇ ಬರೆಯಿರಿ. −0.04 ಒಂದನ್ನೇ ಬರೆದರೆ ಓದಿದವರೆಲ್ಲ ನಿಮ್ಮ ಹಾಗೇ ಗಾಬರಿಯಾಗುತ್ತಾರೆ.

ಲಿಫ್ಟ್‌ದು ಶೇ. 35 ಅಲ್ಲ, 42. `exp(0.35) - 1` ಹಾಕಿ ನೋಡಿ. ಕೋಎಫಿಶಿಯಂಟ್ 0.05ರ ಆಸುಪಾಸಿನಲ್ಲಿದ್ದರೆ ನೇರವಾಗಿ ಶೇಕಡಾ ಅಂತ ಓದಿದರೂ ನಡೆಯುತ್ತದೆ, ದೊಡ್ಡದಾದಾಗ ಕೈಕೊಡುತ್ತದೆ. ಲಿಫ್ಟ್ ಇಲ್ಲದ ಮನೆಗೆ 1 ಅಂತ ಗುರುತು ಹಾಕಿದರೆ ಕೋಎಫಿಶಿಯಂಟ್ −0.35 ಬರುತ್ತದೆ, ಆದರೆ ಅದರ ಅರ್ಥ ಶೇ. 30ರಷ್ಟು ಕಡಿಮೆ ಅಂತ. ಲಿಫ್ಟ್ ಇದ್ದರೆ 42 ಜಾಸ್ತಿ, ಇಲ್ಲದಿದ್ದರೆ 30 ಕಮ್ಮಿ. ಎರಡೂ ಒಂದೇ ಮಾತು, ಯಾವುದರ ಮೇಲಿನ ಶೇಕಡಾ ಅನ್ನುವುದಷ್ಟೇ ಬೇರೆ.

ಫ್ಲಾಟ್ ಮಾರಲು ಹೊರಟವರು: ನಮ್ಮದು ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಹಾಕಿಸಿದರೆ ಶೇ. 42 ಜಾಸ್ತಿ ಕೇಳಬಹುದಾ ಹಾಗಾದರೆ?

ಬೆಲೆ ಅಂದಾಜಿನ ಕೆಲಸದವರು: ಆ ಲೆಕ್ಕ ಹಿಡಿದು ಮಾತ್ರ ಕೇಳಬೇಡಿ! ಲಿಫ್ಟ್ ಇರುವ ಕಟ್ಟಡಗಳು ಸಾಮಾನ್ಯವಾಗಿ ಹೊಸವು. ಮೇಲಿನ ಮಾಡೆಲಿನಲ್ಲಿ ಕಟ್ಟಡದ ವಯಸ್ಸೇ ಇಲ್ಲ. ಹೊಸತನಕ್ಕೆ ಕೊಟ್ಟ ದುಡ್ಡೂ ಲಿಫ್ಟಿನ ಲೆಕ್ಕಕ್ಕೇ ಬಿದ್ದಿದೆ. ಅದೂ ಅಲ್ಲದೆ 42 ಅನ್ನುವುದು ಎಲ್ಲ ಮಹಡಿಗೂ ಸೇರಿಸಿ ಬಂದ ಒಂದೇ ಸಂಖ್ಯೆ. ನೆಲಮಹಡಿಯವರಿಗೆ ಲಿಫ್ಟಿನಿಂದ ಏನು ಸಿಗುತ್ತದೆ ಹೇಳಿ?

ಇನ್ನು ಒಟ್ಟು ಮೊತ್ತ. ವಿದ್ಯಾರ್ಥಿ ಹೇಳಿದ್ದು ಅರ್ಧ ಸರಿ. ಲಾಗ್‌ನಲ್ಲಿ ಮಾಡಿದ ಅಂದಾಜನ್ನು ಸುಮ್ನೆ `exp` ಮಾಡಿದರೆ ಸಿಗುವುದು ನಡುವಿನ ಬೆಲೆ, ಸರಾಸರಿ ಅಲ್ಲ. ದುಬಾರಿ ಕಡೆಗೆ ಬಾಲ ಉದ್ದ ಇರುವುದರಿಂದ ಸರಾಸರಿ ಮೇಲಿರುತ್ತದೆ. `sigma^2/2` ಸೂತ್ರ ರೆಸಿಡ್ಯುಯಲ್‌ಗಳು ನಾರ್ಮಲ್ ಆಗಿದ್ದರೆ ಮಾತ್ರ ನಡೆಯುತ್ತದೆ. ನಾನು 1983ರಲ್ಲಿ ಡುವಾನ್ ಕೊಟ್ಟ ದಾರಿ ಹಿಡಿಯುತ್ತೇನೆ, ಅದಕ್ಕೆ ಆ ಷರತ್ತು ಬೇಡ:

```
s <- mean(exp(resid(m)))
d$pred <- exp(fitted(m)) * s
```

ನಿಮ್ಮ ಸಿಗ್ಮಾ 0.3ರ ಹತ್ತಿರ ಇರಬೇಕು, s 1.05ರ ಆಸುಪಾಸು ಬರುತ್ತದೆ. ಆಮೇಲೆ ಚಿಕ್ಕ ಮನೆ, ದೊಡ್ಡ ಮನೆ ಬೇರೆ ಮಾಡಿ ಮೊತ್ತ ನೋಡಿ. ಚಿಕ್ಕವು ಮೇಲೆ, ದೊಡ್ಡವು ಕೆಳಗೆ ಹೋಗಿದ್ದರೆ ಹರವು ಎಲ್ಲ ಕಡೆ ಒಂದೇ ಇಲ್ಲ ಅಂತ. ಆಗ ಗುಂಪಿಗೊಂದು s ಬೇಕು. ಒಂದೇ ಫ್ಲಾಟಿನ ಬೆಲೆ ಹೇಳುವಾಗ ಮಾತ್ರ ನಾನು s ಹಾಕುವುದಿಲ್ಲ, ನಡುವಿನ ಬೆಲೆಯೇ ಸಾಕು. ಇದಕ್ಕೆ ನನ್ನ ಸಹೋದ್ಯೋಗಿಗಳೇ ಒಪ್ಪುವುದಿಲ್ಲ, ಅದು ಬೇರೆ ಮಾತು.

ಕೇಳಿದವರು: ಸಿಗ್ಮಾ 0.31, s 1.05. ಮೊತ್ತ ಸರಿಹೋಯಿತು, ಥ್ಯಾಂಕ್ಸ್ ಸರ್. ಕಟ್ಟಡದ ವಯಸ್ಸು ಸೇರಿಸಿದೆ, ಲಿಫ್ಟ್ 0.21ಕ್ಕೆ ಇಳಿಯಿತು. ಈಗ ಶೇ. 23 ಅಂತ ಬರೆಯಲಾ?

ಬೆಲೆ ಅಂದಾಜಿನ ಕೆಲಸದವರು: "ಲಿಫ್ಟ್ ಇರುವ ಮನೆಗಳು ಶೇ. 23 ದುಬಾರಿ" ಅಂತ ಬರೆಯಿರಿ. "ಲಿಫ್ಟಿನಿಂದ ಶೇ. 23" ಅಂತ ಬೇಡ. ಪಾರ್ಕಿಂಗ್, ಕಟ್ಟಡದ ಗುಣಮಟ್ಟ ಇನ್ನೂ ಅದರೊಳಗೇ ಕೂತಿವೆ. ಆಮೇಲೆ ಲಿಫ್ಟ್ ಹಾಕಿಸಿಕೊಂಡ ಹಳೆ ಕಟ್ಟಡಗಳಲ್ಲಿ ಮೊದಲಿನ ಮತ್ತು ನಂತರದ ಮಾರಾಟ ಸಿಕ್ಕಿದರೆ ಹೋಲಿಸಬಹುದು.

ಕೇಳಿದವರು: ಹುಡುಕಿದೆ. ಅಂಥವು ಮೂರೇ ಕಟ್ಟಡ ಇವೆ.