ಅಪ್‌ಡೇಟ್: ಜರ್ಮನಿಯ ಗ್ರಾಹಕರಿಗೆ ಬರೆದ ಮೇಲ್

ನನ್ನ ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಕಾಫಿ ರಫ್ತು ಕಚೇರಿಯ ಮ್ಯಾನೇಜರ್ ಬರೆದ ಇಂಗ್ಲಿಷ್ ಮೇಲ್ ತುಂಬ ವಿನಯದ್ದು, ಆದರೆ ಕೇಳಿದ್ದೇನೆಂದು ಗ್ರಾಹಕರಿಗೆ ತಿಳಿಯುವುದಿಲ್ಲ. ಒರಟಾಗದಂತೆ ತಿದ್ದುವುದು ಹೇಗೆ?

ಅಪ್‌ಡೇಟ್: ಕುಶಲೋಪರಿ, ಹಳೆಯ ಒಡನಾಟದ ಸ್ಮರಣೆ ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ‘ಕೈಂಡ್ಲಿ ಡು ದಿ ನೀಡ್‌ಫುಲ್’ ಎಂದಷ್ಟೇ ಇತ್ತು. ನಮಗೆ ಬೇಕಿದ್ದದ್ದು ಕಳುಹಿಸಿದ ಸ್ಯಾಂಪಲ್‌ಗೆ ಶುಕ್ರವಾರದೊಳಗೆ ಒಪ್ಪಿಗೆ. ಅದು ಬಾರದೆ ಕಂಟೇನರ್ ತುಂಬುವಂತಿರಲಿಲ್ಲ. ಆದ್ದರಿಂದ ಸ್ಯಾಂಪಲ್, ಒಪ್ಪಿಗೆ, ದಿನ ಈ ಮೂರನ್ನೂ ವಿಷಯದ ಸಾಲಿಗೇ ತಂದು, ಮೊದಲ ವಾಕ್ಯದಲ್ಲಿ ‘ಕುಡ್ ಯು ಪ್ಲೀಸ್ ಕನ್ಫರ್ಮ್ ಬೈ ಫ್ರೈಡೇ’ ಎಂದು ಕೇಳಿದೆವು.

ಇದು ಆಜ್ಞೆಯಂತಿದೆ ಎಂದು ಹೇಳಿ ಮ್ಯಾನೇಜರ್ ಸರ್ ಒಪ್ಪಲಿಲ್ಲ. ಅವರ ಅಳುಕು ಸುಳ್ಳೇನಲ್ಲ, ಬರೀ ದಿನಾಂಕ ಹೇಳಿದರೆ ಗದರಿದಂತೆಯೇ ಕೇಳಿಸುತ್ತದೆ. ಹಾಗಾಗಿ, ತಡವಾದರೆ ಮಂಗಳೂರಿನಿಂದ ಹೊರಡುವ ಹಡಗು ತಪ್ಪಿ ಸರಕು ಮುಂದಿನ ಹಡಗಿಗೆ ಹೋಗುತ್ತದೆ ಎಂಬ ಕಾರಣವನ್ನು ಅದೇ ವಾಕ್ಯಕ್ಕೆ ಜೋಡಿಸಿದೆವು. ಆಗ ಒತ್ತಡ ಹಡಗಿನದಾಯಿತು, ನಮ್ಮದಲ್ಲ. ‘ಡಿಯರ್’ ಜೊತೆಗಿನ ಸರ್‌ನೇಮನ್ನೂ ಕೊನೆಯ ಒಂದು ಸಾಲಿನ ಕೃತಜ್ಞತೆಯನ್ನೂ ಸರ್ ಹಟ ಹಿಡಿದು ಉಳಿಸಿಕೊಂಡರು, ಅದು ಸರಿಯೇ ಆಯಿತು.

ಮರುದಿನವೇ ಒಪ್ಪಿಗೆ ಬಂತು, ಜೊತೆಗೆ ತೇವಾಂಶದ ವರದಿ ಕೇಳಿ ಇನ್ನೊಂದು ಸಾಲು.