ಫುಲ್ ಮ್ಯಾರಥಾನ್‌ನಲ್ಲಿ 32 ಕಿ.ಮೀ. ಆದಮೇಲೆ ಮೀನಖಂಡ ಹಿಡಿದುಕೊಂಡರೆ

ಡೊಂಬಿವಲಿ: ಮುಂಬೈ ಫುಲ್ ಓಡುವಾಗ 32–33 ಕಿ.ಮೀ. ಆದಮೇಲೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಪೆಡ್ಡರ್ ರೋಡ್ ಏರಿಗೆ ಬರುವಷ್ಟರಲ್ಲಿ ನಿಂತೇ ಬಿಡಬೇಕಾಗುತ್ತದೆ. ನೀರು, ಓಆರ್‌ಎಸ್ ಎಲ್ಲ ಕುಡಿದಿರುತ್ತೇನೆ. ಹಾಫ್‌ನಲ್ಲಿ ಒಮ್ಮೆಯೂ ಹೀಗಾಗಿಲ್ಲ. ಯಾಕೆ ಆಗುತ್ತದೆ? ಓಡುತ್ತಿರುವಾಗಲೇ ಏನು ಮಾಡಬಹುದು? ಅನುಭವ ಇದ್ದವರು ಹೇಳಿ.

ವಾಸ್ಕೊ: ಉಪ್ಪು ಸಾಲುತ್ತಿಲ್ಲ, ಅಷ್ಟೇ. ನಮ್ಮ ಗೋವಾದ ಸೆಕೆಯಲ್ಲಿ ಓಡಿ ಬಂದರೆ ಕಪ್ಪು ಬನಿಯನ್ ಮೇಲೆ ಬಿಳಿ ಗೆರೆ ನಿಲ್ಲುತ್ತದೆ. ಅಷ್ಟು ಉಪ್ಪು ಹೋದಮೇಲೆ ಕಾಲು ಹಿಡಿಯದೆ ಇರುತ್ತದೆಯೇ? ನಾನು 25ನೇ ಕಿಲೋಮೀಟರಿನಿಂದ ಉಪ್ಪಿನ ಮಾತ್ರೆ ಶುರು ಮಾಡುತ್ತೇನೆ. ಬಾಳೆಹಣ್ಣನ್ನೂ ಬಿಡಬೇಡಿ.

ಪುಣೆ, ಫಿಸಿಯೋ: ಮೊದಲು ಎರಡು ವಿಷಯ ಹೇಳಿ. ಓಟದ ದಿನ ಮೊದಲ 10 ಕಿ.ಮೀ. ಯಾವ ವೇಗದಲ್ಲಿ ಓಡಿದಿರಿ? ತಯಾರಿಯ ಉದ್ದದ ಓಟಗಳನ್ನು ಯಾವ ವೇಗದಲ್ಲಿ ಓಡಿದ್ದಿರಿ?

ಡೊಂಬಿವಲಿ: 4 ಗಂಟೆ 10 ನಿಮಿಷದ ಗುರಿ ಇತ್ತು. ಅಂದರೆ ಕಿ.ಮೀ.ಗೆ 5:55. ಬೆಳಗಿನ ತಂಪಿನಲ್ಲಿ ಕಾಲು ಹಗುರ ಇತ್ತು, ಮೊದಲ 10 ಕಿ.ಮೀ. 5:40ರಲ್ಲಿ ಹೋಯಿತು. ಅರ್ಧ ದೂರ 2 ಗಂಟೆ 2 ನಿಮಿಷಕ್ಕೆ ದಾಟಿದೆ. ತಯಾರಿಯಲ್ಲಿ 28–30 ಕಿ.ಮೀ. ಓಟಗಳೆಲ್ಲ ಆರಾಮಾಗಿ 6:45ರ ಹತ್ತಿರ, ಸಮತಟ್ಟು ರಸ್ತೆಯಲ್ಲಿ.

ಪುಣೆ, ಫಿಸಿಯೋ: ಹಾಗಾದರೆ ನನ್ನ ಅನುಮಾನ ಉಪ್ಪಿನ ಮೇಲಲ್ಲ, ಆ 5:40ರ ಮೇಲೆ.

ಕೇಪ್ ಟೌನ್‌ನಲ್ಲಿ 56 ಕಿ.ಮೀ.ಯ ಟೂ ಓಷನ್ಸ್ ಅಂತ ಒಂದು ಓಟ ಇದೆ. ಅಲ್ಲಿ ಕಾಲು ಹಿಡಿದವರ ಮತ್ತು ಹಿಡಿಯದವರ ರಕ್ತ ಪರೀಕ್ಷಿಸಿ ನೋಡಿದ್ದಾರೆ. ಉಪ್ಪಿನ ಅಂಶದಲ್ಲಾಗಲಿ, ದೇಹದ ನೀರಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆಮೇಲೆ ಈಜು, ಸೈಕಲ್, ಓಟ ಮೂರೂ ಸೇರಿದ ಐರನ್‌ಮ್ಯಾನ್ ಸ್ಪರ್ಧಿಗಳನ್ನು ನೋಡಿದಾಗ, ಜಾಸ್ತಿ ವೇಗವಾಗಿ ಹೋದವರಿಗೆ ಮತ್ತು ಹಿಂದೆ ಹಿಡಿದ ಇತಿಹಾಸ ಇದ್ದವರಿಗೇ ಹೆಚ್ಚು ಹಿಡಿದದ್ದು ಕಂಡಿತು.

ನಿಮ್ಮ ಕಾಲೇ ಇದನ್ನು ಹೇಳುತ್ತಿದೆ. ಉಪ್ಪು ಇಡೀ ಮೈಯಲ್ಲಿ ಕಡಿಮೆಯಾಗಿದ್ದರೆ ಎಡ ಮೀನಖಂಡ ಒಂದೇ ಯಾಕೆ ಹಿಡಿಯಬೇಕು? ಎಳೆದು ನಿಂತರೆ ಅರ್ಧ ನಿಮಿಷದಲ್ಲಿ ಬಿಡುತ್ತದೆ, ಅಲ್ವಾ? ಅಷ್ಟರಲ್ಲಿ ಉಪ್ಪು ಎಲ್ಲಿಂದ ಬಂತು?

ಸ್ನಾಯು ಮಿತಿಮೀರಿ ದಣಿದಾಗ ನರಗಳ ಲೆಕ್ಕ ತಪ್ಪುತ್ತದೆ. 'ಬಿಗಿಯಾಗು' ಅನ್ನುವ ಸಂದೇಶ ಜೋರಾಗುತ್ತದೆ. ಸ್ನಾಯು ಮೂಳೆಗೆ ಅಂಟುವ ಕಡೆಯಿಂದ ಬರುವ 'ಸಾಕು, ಬಿಡು' ಅನ್ನುವ ಸಂದೇಶ ಕುಗ್ಗುತ್ತದೆ. ಈ ಸ್ಥಿತಿಯಲ್ಲಿ ಮುಂಗಾಲಿನಿಂದ ಜೋರಾಗಿ ಒತ್ತಿದರೆ ಮೀನಖಂಡ ಗಿಡ್ಡವಾಗಿ, ಹಾಗೇ ಸೆಟೆದುಕೊಳ್ಳುತ್ತದೆ. ಎಳೆದಾಗ ಆ 'ಬಿಡು' ಸಂದೇಶ ಮತ್ತೆ ಏಳುತ್ತದೆ. ಇದೇ ಪೂರ್ತಿ ಕಾರಣ ಅಂತ ಎಲ್ಲರೂ ಒಪ್ಪಿಲ್ಲ. ಆದರೆ ನಿಮ್ಮ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. 20 ಕಿ.ಮೀ. ಮೀರಿ 5:55ರ ವೇಗವನ್ನು ನಿಮ್ಮ ಮೀನಖಂಡ ತಯಾರಿಯಲ್ಲಿ ಒಮ್ಮೆಯೂ ಕಂಡಿಲ್ಲ. ಹಾಫ್‌ನಲ್ಲಿ ಹಿಡಿಯದೆ ಇರುವುದಕ್ಕೂ ಅದೇ ಕಾರಣ ಇರಬಹುದು.

ಠಾಣೆ: ನನಗೂ ಇದೇ ತೊಂದರೆ. ರಾತ್ರಿ ಮಲಗಿದಾಗ ಬೆಳಗಿನ ಜಾವ ಕಾಲು ಹಿಡಿದು ಎಚ್ಚರ ಆಗುತ್ತದೆ. ನಮ್ಮ ಅತ್ತೆಯವರು ದಿಂಬಿನ ಕೆಳಗೆ ಕಬ್ಬಿಣ ಇಟ್ಟುಕೊಳ್ಳಲು ಹೇಳುತ್ತಾರೆ. ಕ್ಯಾಲ್ಸಿಯಂ ಮಾತ್ರೆ ಶುರು ಮಾಡಲಾ?

ಪುಣೆ, ಫಿಸಿಯೋ: ಅಕ್ಕಾ, ನಿದ್ದೆಯಲ್ಲಿ ಹಿಡಿಯುವುದು ಬೇರೆ ವಿಷಯ. ಬಿಪಿ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದೂ ಸೇರಿ ಡಾಕ್ಟರಿಗೆ ಹೇಳಿ. ನೀವೇ ಮಾತ್ರೆ ಶುರು ಮಾಡಬೇಡಿ.

ಅಂಧೇರಿ: ರಸ್ತೆಯ ಮೇಲೆ ಏನು ಮಾಡಬೇಕು ಅನ್ನುವುದನ್ನು ನಾನು ಹೇಳುತ್ತೇನೆ, ಈ ದಾರಿ ನನಗೆ ಚೆನ್ನಾಗಿ ಗೊತ್ತು. ಪೂರ್ತಿ ಹಿಡಿಯುವ ಮೊದಲು ಮೀನಖಂಡದ ಚರ್ಮದಡಿ ಏನೋ ಮಿಡುಕಿದ ಹಾಗೆ ಆಗುತ್ತದೆ. ನಿಮಗೆ ವರ್ಲಿ ಹತ್ತಿರವೇ ಶುರು ಆಗುತ್ತಿರಬೇಕು. ಹೆಚ್ಚಿನವರು ಅದನ್ನು ಲೆಕ್ಕಿಸದೆ ಓಡುತ್ತಾರೆ. ಆಗಲೇ ಕಿ.ಮೀ.ಗೆ 30–40 ಸೆಕೆಂಡ್ ನಿಧಾನ ಮಾಡಿ. ಹೆಜ್ಜೆ ಚಿಕ್ಕದು ಮಾಡಿ, ಮುಂಗಾಲಿನಿಂದ ತಳ್ಳಬೇಡಿ. ನೀರಿನ ಮೇಜು ಬಂದಾಗ ಒಂದು ನಿಮಿಷ ನಡೆಯಿರಿ.

ಹಾಜಿ ಅಲಿ ದಾಟಿ ಪೆಡ್ಡರ್ ರೋಡ್ ಏರು ಶುರುವಾದ ತಕ್ಷಣ ನಾನು ನಡೆದುಬಿಡುತ್ತೇನೆ. ಹಿಮ್ಮಡಿ ನೆಲಕ್ಕೆ ತಾಗುವಂತೆ ನಡೆಯಬೇಕು. ಆ ಏರಿನಲ್ಲಿ ನಡೆದು ಕಳೆಯುವ ಸಮಯ ದೊಡ್ಡದಲ್ಲ. ಹಿಡಿದುಕೊಂಡರೆ ಚೌಪಾಟಿಯಿಂದ ಮುಂದೆ ಮರೀನ್ ಡ್ರೈವ್ ಉದ್ದಕ್ಕೂ ಕುಂಟಬೇಕಾಗುತ್ತದೆ.

ಆದರೂ ಹಿಡಿದರೆ ರಸ್ತೆಯ ಬದಿಗೆ ಬನ್ನಿ. ಕುಳಿತುಕೊಳ್ಳಬೇಡಿ. ಕಂಬವನ್ನೋ ರೇಲಿಂಗನ್ನೋ ಹಿಡಿದು, ಹಿಡಿದ ಕಾಲನ್ನು ಹಿಂದಕ್ಕೆ ಇಟ್ಟು, ಮಂಡಿ ನೇರ, ಹಿಮ್ಮಡಿ ನೆಲಕ್ಕೆ ಒತ್ತಿ. ಮೈಯನ್ನು ನಿಧಾನಕ್ಕೆ ಮುಂದಕ್ಕೆ ತನ್ನಿ. ಜಗ್ಗಿ ಜಗ್ಗಿ ಎಳೆಯಬೇಡಿ. ಬಿಗಿ ಸಡಿಲವಾಗುವ ತನಕ ಹಾಗೇ ಇರಿ, ಸಾಮಾನ್ಯವಾಗಿ 20–30 ಸೆಕೆಂಡ್ ಸಾಕು. ಬಿಟ್ಟ ತಕ್ಷಣ ಓಡಬೇಡಿ, ಎರಡು ನಿಮಿಷ ನಡೆಯಿರಿ. ಆಮೇಲೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹಳೆಯ ವೇಗಕ್ಕೆ ಮರಳಿದರೆ ಮತ್ತೆ ಹಿಡಿಯುತ್ತದೆ. ಬದಿಯಲ್ಲಿ ನಿಂತವರು ಸ್ಪ್ರೇ ಹೊಡೆಯುತ್ತಾರೆ. ಉರಿ ತಗ್ಗುತ್ತದೆ, ಸ್ನಾಯುವಿನ ದಣಿವು ಹೋಗುವುದಿಲ್ಲ.

ವಾಸ್ಕೊ: ಉಪ್ಪಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂದರೆ ಒಪ್ಪಲಾರೆ. ನನ್ನ ಗೆಳೆಯ ಊರಿನಿಂದ ತಂದ ಮಾವಿನಮಿಡಿ ಉಪ್ಪಿನಕಾಯಿ ರಸವನ್ನು ಪುಟ್ಟ ಬಾಟಲಿಯಲ್ಲಿ ಇಟ್ಟುಕೊಂಡು ಓಡುತ್ತಾನೆ. ಒಂದು ಗುಟುಕಿಗೆ ಕಾಲು ಬಿಡುತ್ತದೆ.

ಪುಣೆ, ಫಿಸಿಯೋ: ಬಿಡಬಹುದು ಸರ್, ಅದನ್ನು ಅಲ್ಲಗಳೆಯುವುದಿಲ್ಲ. ವಿನೆಗರ್ ಹಾಕಿದ ಸೌತೆ ಉಪ್ಪಿನಕಾಯಿಯ ನೀರು ಕುಡಿಸಿ ನೋಡಿದ್ದಾರೆ. ಸೆಳೆತ ಸುಮಾರು ಒಂದೂವರೆ ನಿಮಿಷದಲ್ಲಿ ಬಿಟ್ಟಿತು, ಬರೀ ನೀರಿಗಿಂತ ಬೇಗ. ಅಷ್ಟರಲ್ಲಿ ಉಪ್ಪು ರಕ್ತಕ್ಕೆ ಸೇರಿರುವುದಿಲ್ಲ. ಬಾಯಿ, ಗಂಟಲಿಗೆ ತಾಗುವ ಆ ಚುರುಕು ರುಚಿಯಿಂದ ನರಗಳು ಪ್ರತಿಕ್ರಿಯಿಸುತ್ತವೆ ಅಂತ ಅಂದಾಜು. ಮಿಡಿ ಉಪ್ಪಿನಕಾಯಿ ರಸಕ್ಕೂ ಅದೇ ಗುಣ ಇದೆಯೋ, ಪರೀಕ್ಷಿಸಿದ್ದು ನಾನು ಕಂಡಿಲ್ಲ. ಸಾಸಿವೆ, ಖಾರ ಹೊಟ್ಟೆಗೆ ಹಿಡಿಸುತ್ತದೆಯೇ ಅಂತ ತಯಾರಿಯ ಓಟದಲ್ಲೇ ನೋಡಿಕೊಳ್ಳಬೇಕು. ಬಾಳೆಹಣ್ಣು ಶಕ್ತಿಗೆ ಒಳ್ಳೆಯದು, ಹಿಡಿದ ಕಾಲಿಗೆ ಅದು ತಡವಾಗಿ ತಲುಪುತ್ತದೆ.

ಸೆಕೆ ಏರಿದಷ್ಟೂ ದಣಿವು ಬೇಗ, ಹಾಗಾಗಿ ಗೋವಾದ ಬಿಸಿಗೂ ಪಾಲು ಇದೆ. ಆದರೆ ಸೆಳೆತಕ್ಕೆ ಹೆದರಿ ಪ್ರತಿ ಮೇಜಿನಲ್ಲೂ ಬರೀ ನೀರು ಸುರಿದುಕೊಳ್ಳುವುದು ಅಪಾಯ. ರಕ್ತದ ಉಪ್ಪು ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಇಡೀ ಮೈ ಸೆಟೆದುಕೊಂಡರೆ, ಮಾತು ತಡವರಿಸಿದರೆ, ಓಟ ಬಿಟ್ಟು ವೈದ್ಯರ ಟೆಂಟಿಗೆ ಹೋಗಿ. ಓಡುವಾಗ ನೋವಿನ ಮಾತ್ರೆ ಬೇಡ, ಮೂತ್ರಪಿಂಡಕ್ಕೆ ಹೊರೆ. ಒಂದು ಬಿಂದುವಿನಲ್ಲಿ ಪಟ್ಟನೆ ಹೊಡೆದಂತಾಗಿ, ಎಳೆದರೆ ನೋವು ಇನ್ನೂ ಜಾಸ್ತಿ ಆದರೆ ಅದು ಸೆಳೆತ ಅಲ್ಲ, ಸ್ನಾಯು ಹರಿದಿರಬಹುದು. ಎಳೆಯುವುದನ್ನು ನಿಲ್ಲಿಸಿ.

ಡೊಂಬಿವಲಿಯವರೇ, ಮುಂದಿನ ತಯಾರಿಯಲ್ಲಿ ಎರಡು–ಮೂರು ಉದ್ದದ ಓಟಗಳ ಕೊನೆಯ 8–10 ಕಿ.ಮೀ. ಮಾತ್ರ 6:00ಕ್ಕೆ ಓಡಿ. ತಿಂಗಳಿಗೊಮ್ಮೆ ಠಾಣೆಯ ಯೆಊರ್ ಏರು ಹತ್ತಿ. ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ವಾರಕ್ಕೆ ಎರಡು ಸಲ ಮಾಡಿ. ಮಂಡಿ ನೇರ ಇಟ್ಟು 15, ಮಡಚಿ 15, ಹೀಗೆ ಮೂರು ಸುತ್ತು. ಓಟದ ದಿನ ಮೊದಲ 10 ಕಿ.ಮೀ. 6:05ಕ್ಕಿಂತ ಬೇಗ ಬೇಡ.

ಡೊಂಬಿವಲಿ: 6:05ಕ್ಕೆ ಹೊರಟರೆ 4:10 ತಪ್ಪುತ್ತದಲ್ಲ ಸರ್?

ಅಂಧೇರಿ: ತಪ್ಪುತ್ತದೆ. ಹಿಡಿದುಕೊಂಡಾಗ ನಿಮ್ಮ ಸಮಯ ಎಷ್ಟು ಬಂತು, ಅದನ್ನು ಹೇಳಿ.

ಡೊಂಬಿವಲಿ: 4 ಗಂಟೆ 41 ನಿಮಿಷ.

ವಾಸ್ಕೊ: ಹಾಗಾದರೆ 6:05ಕ್ಕೇ ಹೊರಡಿ. ಜೇಬಿನಲ್ಲಿ ಉಪ್ಪಿನ ಮಾತ್ರೆ ಇರಲಿ ಅಂತ ನಾನು ಈಗಲೂ ಹೇಳುತ್ತೇನೆ.