ಸಹಾಯ ಬೇಕು: ಸನ್‌ಸ್ಕ್ರೀನ್ ಬೆವರಿಗೆ ಇಳಿದು ಕಣ್ಣು ಉರಿಯುತ್ತದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತೇನೆ. ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಬೈಕ್ ಮೇಲೆಯೇ, ಜಾಸ್ತಿ ಸಿಲ್ಕ್ ಬೋರ್ಡ್ ಕಡೆ. ಎರಡು ವರ್ಷದಲ್ಲಿ ಕೆನ್ನೆ, ಮೂಗು ಕಪ್ಪಾಗಿವೆ. ಕೈಯಲ್ಲಿ ವಾಚ್ ಕಟ್ಟುವ ಜಾಗ ಮಾತ್ರ ಹಳೇ ಬಣ್ಣ!

ಮೊದಲು ಧೂಳು ಹೋಗಲಿ ಅಂತ ದಿನಕ್ಕೆ ಐದಾರು ಸಲ ಸೋಪು ಹಾಕಿ ಮುಖ ತೊಳೆಯುತ್ತಿದ್ದೆ. ಚರ್ಮ ಒಣಗಿ, ಬೆವರು ತಾಗಿದರೆ ಚುರುಚುರು ಅನ್ನುತ್ತಿತ್ತು. ಚರ್ಮದ ಡಾಕ್ಟರ್ ಬೈದ ಮೇಲೆ ಹಗಲು ಬರೀ ನೀರು, ರಾತ್ರಿ ಒಮ್ಮೆ ಮಾತ್ರ ಫೇಸ್‌ವಾಶ್. ಆ ಉರಿ ನಿಂತಿತು. ಕೈಗೆ ಸ್ಲೀವ್ಸ್ ಹಾಕುತ್ತೇನೆ, ಪರವಾಗಿಲ್ಲ.

ಈಗಿನ ತೊಂದರೆ ಸನ್‌ಸ್ಕ್ರೀನ್. ಎಸ್‌ಪಿಎಫ್ 50ರದ್ದು. ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುದ್ದ ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಅಂದರು. ಹೆಲ್ಮೆಟ್ ಒಳಗಿನ ಬೆವರಿಗೆ ಅದು ಹಣೆಯಿಂದ ಇಳಿದು ಕಣ್ಣಿಗೆ ಬರುತ್ತದೆ. ಸಿಗ್ನಲ್ ಬಿಟ್ಟಾಗ ಕಣ್ಣು ತೆರೆಯಲು ಆಗುವುದಿಲ್ಲ. ಹಣೆಗೆ ಹಚ್ಚುವುದನ್ನೇ ಬಿಟ್ಟೆ, ಹೇಗೂ ಹೆಲ್ಮೆಟ್ ಮುಚ್ಚುತ್ತದೆ ಅಲ್ವಾ. ಎರಡನೇ ಸಲ ಹಚ್ಚುವಾಗ ಧೂಳು ಸೇರಿ ಬೂದು ಲೇಪವಾಗುತ್ತದೆ. ಅದಕ್ಕೆ ಒದ್ದೆ ಕಾಟನ್ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಚ್ಚುತ್ತೇನೆ. ಆದರೆ ಆರ್ಡರ್ ಮಧ್ಯೆ ಅಷ್ಟು ಹೊತ್ತು ಎಲ್ಲಿದೆ?

ಜಿಂಕ್ ಆಕ್ಸೈಡ್ ಇರುವ ಸ್ಟಿಕ್ ಕಣ್ಣು ಅಷ್ಟಾಗಿ ಉರಿಸುವುದಿಲ್ಲ ಅಂತಾರೆ. ಯಾರಾದರೂ ಬೈಕ್ ಓಡಿಸುತ್ತಾ ಬಳಸಿದ್ದೀರಾ? ಬೆವರಿಗೆ ನಿಲ್ಲುತ್ತದಾ, ಬಿಳಿ ಗುರುತು ಉಳಿಯುತ್ತದಾ? 400 ರೂಪಾಯಿ ಒಳಗೆ ಸಿಗುತ್ತದಾ?

ಬೆಳ್ಳಗಾಗುವ ಕ್ರೀಮ್ ಮಾತ್ರ ಹೇಳಬೇಡಿ. ಗೆಳೆಯನೊಬ್ಬ ಡಾಕ್ಟರನ್ನು ಕೇಳದೆ ಸ್ಟಿರಾಯ್ಡ್ ಇರುವ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿ, ಈಗ ಬಿಸಿಲಿಗೆ ಹೋದರೆ ಮುಖ ಕೆಂಡವಾಗುತ್ತದೆ.